ಹೊರದೇಶದ ಗಿರಾಕಿಯ ಬಾಯಲ್ಲಿ ನಿಮ್ಮ ಸರಕಿನ ಹೆಸರು ಏನಾಗುತ್ತದೆ?

ಚಿಕ್ಕಮಗಳೂರಿನ ಬೆಳೆಗಾರರೊಬ್ಬರು ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು, ಕಾಲು ಕೆಜಿ ಪ್ಯಾಕೆಟ್ ಮಾಡಿ ಹೊರದೇಶಕ್ಕೆ ಕಳಿಸಲು ಹೊರಟಿದ್ದಾರೆ ಅಂದುಕೊಳ್ಳೋಣ. ಹೆಸರು 'ಮಲೆಸಿರಿ'. ನಮ್ಮ ಕಿವಿಗೆ ಇದಕ್ಕಿಂತ ಚೆನ್ನಾಗಿರುವ ಹೆಸರು ಸಿಗುವುದು ಕಷ್ಟ. ಪ್ಯಾಕೆಟ್ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ Malesiri ಅಂತ ಬರೆಸುತ್ತಾರೆ.

ಭಾರತದ ಕಾಫಿಯನ್ನು ಬಹಳ ವರ್ಷಗಳಿಂದ ಎಲ್ಲರಿಗಿಂತ ಜಾಸ್ತಿ ಕೊಳ್ಳುವ ದೇಶ ಇಟಲಿ. ಆದ್ದರಿಂದ ಮೊದಲು ಅಲ್ಲಿಗೇ ಹೋಗೋಣ. ಇಟಾಲಿಯನ್ ಭಾಷೆಯಲ್ಲಿ male ಅಂದರೆ ಕೆಟ್ಟದ್ದು, ನೋವು. ಹೊಟ್ಟೆ ನೋಯುತ್ತಿದೆ ಅನ್ನುವಾಗಲೂ ಅದೇ ಪದ ಬರುತ್ತದೆ. ಅದನ್ನು ದಾಟಿ ಮುಂದೆ ಓದಿದರೆ Malesia ನೆನಪಾಗುತ್ತದೆ. ಅದು ಮಲೇಷ್ಯಾ ದೇಶಕ್ಕೆ ಅವರಿಟ್ಟ ಹೆಸರು. ಇಂಗ್ಲಿಷ್ ಬಲ್ಲವರು ಅದೇ ನಾಲ್ಕು ಅಕ್ಷರವನ್ನು 'ಮೇಲ್' ಅಂತ ಓದುತ್ತಾರೆ, ಗಂಡು ಅನ್ನುವ ಅರ್ಥದಲ್ಲಿ. ಜಪಾನಿಗೆ ಹೋದರೆ ಇನ್ನೊಂದು ಪಾಡು. ಆ ಭಾಷೆಯಲ್ಲಿ ಲ, ರ ಬೇರೆ ಬೇರೆ ಇಲ್ಲ. 'ಸಿ' ಅನ್ನುವುದು 'ಶಿ' ಆಗುತ್ತದೆ. ಹೆಸರು 'ಮರೆಶಿರಿ' ಆಗಿಬಿಡುತ್ತದೆ. 'ಶಿರಿ' ಅಂದರೆ ಅವರಲ್ಲಿ ಅಂಡು.

ಹೆಸರಿನಲ್ಲಿ ತಪ್ಪೇನೂ ಇಲ್ಲ. ಅದು ಮೂರು ಕಡೆ ರೂಪ ಬದಲಿಸಿತು, ಅಷ್ಟೆ. ಮೊದಲು ಕಣ್ಣಿನಲ್ಲಿ: ಗಿರಾಕಿ ಆ ಅಕ್ಷರಗಳನ್ನು ತನ್ನ ಭಾಷೆಯ ನಿಯಮದಂತೆ ಓದುತ್ತಾನೆ. ಆಮೇಲೆ ನಾಲಿಗೆಯಲ್ಲಿ: ತನ್ನಲ್ಲಿ ಇಲ್ಲದ ಉಚ್ಚಾರವನ್ನು ಹತ್ತಿರದ ಇನ್ನೊಂದಕ್ಕೆ ತಿರುಗಿಸಿಕೊಳ್ಳುತ್ತಾನೆ. ಕೊನೆಗೆ ಕಿವಿಯಲ್ಲಿ: ಹಾಗೆ ಹುಟ್ಟಿದ ಹೊಸ ರೂಪಕ್ಕೆ ತನಗೆ ಗೊತ್ತಿರುವ ಯಾವುದೋ ಪದವನ್ನು ಜೋಡಿಸಿಕೊಳ್ಳುತ್ತಾನೆ. ಹೆಸರು ಪರೀಕ್ಷೆ ಮಾಡುವುದು ಅಂದರೆ ಈ ಮೂರು ಕಡೆ ಏನಾಗುತ್ತದೆ ಅಂತ, ಪ್ಯಾಕೆಟ್ ಅಚ್ಚಾಗುವ ಮೊದಲೇ ನೋಡಿಕೊಳ್ಳುವುದು.

ಇದು ಸಣ್ಣವರಿಗೆ ಮಾತ್ರ ಬರುವ ತೊಂದರೆಯಲ್ಲ. ಜಪಾನಿನಲ್ಲಿ 1919ರಿಂದ ಮಾರಾಟವಾಗುತ್ತಿರುವ ಕ್ಯಾಲ್ಪಿಸ್ ಅನ್ನುವ ಹಾಲಿನ ಪಾನೀಯವಿದೆ. ಕ್ಯಾಲ್ಸಿಯಂನ ಮೊದಲ ಭಾಗಕ್ಕೆ ಸಂಸ್ಕೃತದ 'ಸರ್ಪಿಸ್', ಅಂದರೆ ತುಪ್ಪ, ಅದರ ಕೊನೆಯ ಭಾಗ ಸೇರಿಸಿ ಕಟ್ಟಿದ ಹೆಸರು ಅದು. ಜಪಾನೀಯರ ಬಾಯಲ್ಲಿ ಚೆನ್ನಾಗಿಯೇ ಇತ್ತು. ಅಮೆರಿಕದವರಿಗೆ ಮಾತ್ರ ಅದು ಹಸುವಿನ ಉಚ್ಚೆ ಅಂದ ಹಾಗೆ ಕೇಳಿಸುತ್ತದೆ. ಅದೂ ಹಾಲಿನ ಪಾನೀಯಕ್ಕೆ! ಹಾಗಾಗಿ ಅಲ್ಲಿ Calpico ಅನ್ನುವ ಹೆಸರಿನಲ್ಲಿ ಮಾರುತ್ತಾರೆ. ಟೊಯೋಟಾ ತನ್ನ MR2 ಕಾರನ್ನು ಫ್ರಾನ್ಸ್‌ನಲ್ಲಿ ಬರೀ MR ಅಂತ ಮಾರಿತು. ಕೊನೆಯ 2 ಸೇರಿಸಿ ಫ್ರೆಂಚಿನಲ್ಲಿ ಬೇಗ ಹೇಳಿದರೆ ಒಂದು ಬೈಗುಳದ ಹತ್ತಿರ ಬರುತ್ತದೆ.

ಇಂಥ ಕಥೆಗಳಲ್ಲಿ ಕೆಲವು ಸುಳ್ಳೂ ಇವೆ. ಷೆವ್ರೊಲೆ ನೋವಾ ಕಾರು ಸ್ಪ್ಯಾನಿಷ್ ದೇಶಗಳಲ್ಲಿ ಮಾರಾಟವೇ ಆಗಲಿಲ್ಲ, 'ನೋ ವಾ' ಅಂದರೆ 'ಓಡುವುದಿಲ್ಲ' ಅಂತ ಅರ್ಥ, ಅಂತ ಎಲ್ಲ ಕಡೆ ಹೇಳುತ್ತಾರೆ. ನಿಜವಾಗಿ ಆ ಕಾರು ಮೆಕ್ಸಿಕೊದಲ್ಲೂ ವೆನಿಜುವೆಲಾದಲ್ಲೂ ಚೆನ್ನಾಗಿಯೇ ಮಾರಾಟವಾಯಿತು. ಸ್ಪ್ಯಾನಿಷ್‌ನವರು ಅದನ್ನು ಒಂದೇ ಪದವಾಗಿ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳುತ್ತಾರೆ. 'ಓಡುವುದಿಲ್ಲ' ಅನ್ನುವಾಗ ಎರಡು ಪದ, ಒತ್ತು ಇರುವ ಜಾಗವೂ ಬೇರೆ. ಕಾಗದದ ಮೇಲೆ ಅಪಾಯ ಅನಿಸಿದ್ದು ಬಾಯಲ್ಲಿ ಇರಬೇಕು ಅಂತಿಲ್ಲ. ಅದಕ್ಕೇ ನಿಘಂಟು ನೋಡಿ ತೀರ್ಮಾನ ಮಾಡಲು ಬರುವುದಿಲ್ಲ, ಆ ಭಾಷೆಯವರ ಬಾಯಿಂದಲೇ ಕೇಳಬೇಕು.

ಕನ್ನಡ ಹೆಸರಿಗೆ ಎಲ್ಲಿ ಪೆಟ್ಟು ಬೀಳುತ್ತದೆ

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ತಕ್ಷಣ ಆ ಭರವಸೆ ಹೋಗುತ್ತದೆ. ಲ ಮತ್ತು ಳ ಎರಡೂ l ಆಗುತ್ತವೆ. ತ ಮತ್ತು ಟ ಎರಡೂ t. ದೀರ್ಘ ಯಾವುದು, ಹ್ರಸ್ವ ಯಾವುದು ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊನೆಯ 'ಎ' ಸ್ವರಕ್ಕೆ. ನಮ್ಮ ಎಷ್ಟೋ ಪದಗಳು ಎಕಾರದಲ್ಲೇ ಮುಗಿಯುತ್ತವಲ್ವಾ: ಮಲೆ, ಹೊಳೆ, ತೊರೆ. ಇಂಗ್ಲಿಷ್ ಓದುವವರು ಪದದ ಕೊನೆಯ e ಅನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಹೊಳೆ ಅಂತ ನಾವು Hole ಬರೆದರೆ ಅವರಿಗೆ ಅದು ತೂತು.

ದೇಶ ಬದಲಾದರೆ ನಿಯಮವೂ ಬದಲು. ಜರ್ಮನ್ನರು j ಅನ್ನು 'ಯ' ಅಂತ ಓದುತ್ತಾರೆ. ಸ್ವರದ ಮುಂದಿನ s ಅನ್ನು ಗುಂಯ್‌ಗುಡಿಸಿ ಇಂಗ್ಲಿಷಿನ z ಥರ ಹೇಳುತ್ತಾರೆ. ಸ್ಪ್ಯಾನಿಷ್‌ನವರು h ಅನ್ನು ಉಚ್ಚರಿಸುವುದೇ ಇಲ್ಲ, ll ಅನ್ನು 'ಯ'ದ ಹಾಗೆ ಹೇಳುತ್ತಾರೆ. ಹೀಗಾಗಿ ಹಳ್ಳಿ ಅಂತ ನಾವು ಬರೆದ Halli ಅವರ ಬಾಯಲ್ಲಿ 'ಆಯಿ'. ಅರಬ್ಬಿಯಲ್ಲಿ 'ಪ' ಇಲ್ಲ, ಅದು 'ಬ' ಆಗುತ್ತದೆ. ಬೆಳ್ಳಿ ಅನ್ನುವ ಹೆಸರು ತೆಗೆದುಕೊಳ್ಳಿ. Belli ಅಂತ ಬರೆದರೆ ಇಂಗ್ಲಿಷಿನವರಿಗೆ ಹೊಟ್ಟೆ ಅಂತ ಕೇಳಿಸುತ್ತದೆ, ಇಟಲಿಯವರಿಗೆ ಅದೇ ಸುಂದರವಾದವರು ಅಂತ. ಒಂದೇ ಬರಹ, ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. 'ಹೊರದೇಶದವರಿಗೆ ಹೇಗೆ ಕೇಳಿಸುತ್ತದೆ' ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಯಾವ ದೇಶ ಅಂತ ಮೊದಲು ಗೊತ್ತು ಮಾಡಿಕೊಂಡರೆ ಮಾತ್ರ ಪರೀಕ್ಷೆ ಶುರು ಮಾಡಬಹುದು.

ಹೇಳಲು ಕಷ್ಟವಾದರೆ ಏನಂತೆ, ಸರಕು ಚೆನ್ನಾಗಿದ್ದರೆ ಸಾಕಲ್ವಾ ಅಂತ ಕೇಳಬಹುದು. ತಿನ್ನುವ ಕುಡಿಯುವ ಸರಕಿಗೆ ಅದು ಅಷ್ಟು ಸುಲಭವಲ್ಲ. 2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆಹಾರಕ್ಕೆ ಬೆರೆಸುವ ಪದಾರ್ಥಗಳು ಅಂತ ಕೆಲವು ಹೆಸರುಗಳನ್ನು ಕೊಟ್ಟು, ಇವು ಎಷ್ಟು ಅಪಾಯಕಾರಿ ಅಂತ ಜನರನ್ನು ಕೇಳಿದರು. ಎಲ್ಲವೂ ಸುಮ್ನೆ ಹುಟ್ಟಿಸಿದ ಹೆಸರುಗಳು. Magnalroxate ಥರದ ಸಲೀಸಾದ ಹೆಸರಿಗಿಂತ Hnegripitrom ಥರದ ತೊಡಕಿನ ಹೆಸರೇ ಜಾಸ್ತಿ ಅಪಾಯ ಅಂತ ಜನ ಹೇಳಿದರು. ಅದೇ ಅಧ್ಯಯನದಲ್ಲಿ ಮನರಂಜನೆ ಪಾರ್ಕಿನ ಆಟಗಳಿಗೂ ಹೀಗೇ ಹೆಸರಿಟ್ಟು ಕೇಳಿದಾಗ, ತೊಡಕಿನ ಹೆಸರಿನ ಆಟ ಹೆಚ್ಚು ಮೈನವಿರೇಳಿಸುತ್ತದೆ ಅನ್ನುವ ಭಾವನೆ ಬಂತು. ಅಂದರೆ ತೊಡಕು ಹೊಸದು, ಗೊತ್ತಿಲ್ಲದ್ದು ಅನ್ನುವ ಅನುಮಾನ ಹುಟ್ಟಿಸುತ್ತದೆ. ಆಟಕ್ಕೆ ಅದು ಒಳ್ಳೆಯದಾಗಬಹುದು, ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ಆಗುವುದಿಲ್ಲ.

ಪರೀಕ್ಷೆ ಮಾಡುವ ಬಗೆ

ಒಂದೊಂದು ದೇಶಕ್ಕೆ ಆರೆಂಟು ಜನ ಸಾಕು. ಆದರೆ ಆ ಜನ ಯಾರು ಅನ್ನುವುದು ಮುಖ್ಯ. ಅಲ್ಲೇ ಹುಟ್ಟಿ ಬೆಳೆದವರಾಗಿರಬೇಕು, ಭಾರತದ ಯಾವ ಭಾಷೆಯೂ ಕಿವಿಗೆ ಬಿದ್ದಿರಬಾರದು. ಮ್ಯೂನಿಕ್‌ನಲ್ಲಿರುವ ನಿಮ್ಮ ಚಿಕ್ಕಮ್ಮನ ಮಗಳನ್ನು ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಅವರ ಕಿವಿ ಹೆಸರನ್ನು ಕನ್ನಡದಲ್ಲೇ ಕೇಳಿಸಿಕೊಳ್ಳುತ್ತದೆ. ಅವರ ಪಕ್ಕದ ಮನೆಯವರು, ಆಫೀಸಿನವರು, ಮಕ್ಕಳ ಸ್ಕೂಲಿನಲ್ಲಿ ಪರಿಚಯವಾದ ತಂದೆತಾಯಿಗಳು, ಇವರು ಬೇಕು. ಅವರನ್ನು ಹುಡುಕಿಕೊಡುವ ಕೆಲಸಕ್ಕೆ ಹೊರಗಿರುವ ಕನ್ನಡಿಗರು ಬಹಳ ಉಪಯೋಗಕ್ಕೆ ಬರುತ್ತಾರೆ. ವಯಸ್ಸೂ ಬೆರೆತಿರಲಿ. ಹದಿಹರೆಯದವರ ಬೈಗುಳ ಅರವತ್ತು ದಾಟಿದವರಿಗೆ ಗೊತ್ತಿರುವುದಿಲ್ಲ, ಹಳೆಯ ಬೈಗುಳ ಹುಡುಗರಿಗೆ ಗೊತ್ತಿರುವುದಿಲ್ಲ.

ಮೊದಲ ಹಂತದಲ್ಲಿ ನೀವು ಹೆಸರನ್ನು ಬಾಯಿಬಿಟ್ಟು ಹೇಳಲೇಬಾರದು. ಪ್ಯಾಕೆಟ್‌ನ ಚಿತ್ರ ಕಳಿಸಿ, ಅದೇ ಬಣ್ಣ, ಅದೇ ಅಕ್ಷರ ಶೈಲಿಯಲ್ಲಿ. ಕೆಲವು ಅಲಂಕಾರದ ಅಕ್ಷರಗಳಲ್ಲಿ ri ಎನ್ನುವುದು n ಥರ ಕಾಣುತ್ತದೆ, ಅದೂ ಇಲ್ಲೇ ಸಿಕ್ಕಿಬೀಳಬೇಕು. ಆಮೇಲೆ 'ನೀವು ಅಂಗಡಿಯಲ್ಲಿದ್ದೀರಿ, ಈ ಕಾಫಿ ಕೊಡಿ ಅಂತ ಕೇಳಿ' ಅನ್ನಿ. ಆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ಸಲ ಹೇಳಿದ್ದೇ ಲೆಕ್ಕ. ಎರಡನೇ ಸಲ ಅವರು ನಿಮ್ಮ ಮುಖ ನೋಡಿ ತಿದ್ದಿಕೊಳ್ಳಲು ನೋಡುತ್ತಾರೆ. ಹೆಸರು ಬರುವ ಮುಂಚೆ ಎಷ್ಟು ಹೊತ್ತು ತಡವರಿಸಿದರು ಅಂತಲೂ ಬರೆದುಕೊಳ್ಳಿ. ಒಬ್ಬರು ಹೆಸರನ್ನೇ ಬಿಟ್ಟು 'ಆ ಹಸಿರು ಪ್ಯಾಕೆಟ್ ಕೊಡಿ' ಅಂದರೆ ಅದಕ್ಕಿಂತ ದೊಡ್ಡ ಸುಳಿವು ಇನ್ನೊಂದಿಲ್ಲ. ಅಂಗಡಿಯಲ್ಲೂ ಜನ ಹಾಗೇ ಮಾಡುತ್ತಾರೆ. ತಪ್ಪು ಹೇಳಿ ನಾಚಿಕೆಪಡುವ ಬದಲು ಬೆರಳು ತೋರಿಸುತ್ತಾರೆ, ಅಥವಾ ಪಕ್ಕದ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ.

ಎರಡನೇ ಹಂತ ಕಿವಿಯದು. ಇದಕ್ಕೆ ಚಿತ್ರ ನೋಡದ ಬೇರೆ ಜನ ಬೇಕು. ಇಲ್ಲಿ ಬಹಳ ಜನ ತಮ್ಮ ಸ್ವಂತ ಕನ್ನಡ ಉಚ್ಚಾರವನ್ನೇ ಕೇಳಿಸುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಗಿರಾಕಿಗೆ ಹೆಸರು ಗೊತ್ತಾಗುವುದು ಅವನ ಸ್ನೇಹಿತನಿಂದ, ನಿಮ್ಮಿಂದಲ್ಲ. ಆದ್ದರಿಂದ ಮೊದಲ ಹಂತದಲ್ಲಿ ರೆಕಾರ್ಡ್ ಆದ ಅವರ ದೇಶದವರ ದನಿಯನ್ನೇ ಕೇಳಿಸಿ, ಬರೆಯಲು ಹೇಳಿ. ಬರೆದದ್ದನ್ನು ಹಾಗೇ ಫೋನಿನಲ್ಲಿ ಹುಡುಕಲು ಹೇಳಿ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಅಲ್ಲಿಂದ ಕೀಲಿಮಣೆಗೆ ಬರುವಷ್ಟರಲ್ಲಿ ಹೆಸರಿನಲ್ಲಿ ಏನು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಮಾರನೇ ದಿನ ಅದೇ ಜನರಿಗೆ ಒಂದು ಮೆಸೇಜ್ ಹಾಕಿ: ನಿನ್ನೆಯ ಕಾಫಿಯ ಹೆಸರೇನಿತ್ತು? ಮೊದಲ ಅಕ್ಷರವಾದರೂ ನೆನಪಿದ್ದರೆ ಪರವಾಗಿಲ್ಲ.

ಮೂರನೆಯದು ಅರ್ಥದ ಪ್ರಶ್ನೆ. 'ಈ ಹೆಸರಿನಲ್ಲಿ ಏನಾದರೂ ಕೆಟ್ಟದ್ದು ಇದೆಯಾ?' ಅಂತ ನೇರವಾಗಿ ಕೇಳಬೇಡಿ. ಎದುರಿಗಿರುವವರ ಮನಸ್ಸು ನೋಯಿಸಬಾರದು ಅಂತ ಹೆಚ್ಚಿನವರು 'ಚೆನ್ನಾಗಿದೆ' ಅಂದುಬಿಡುತ್ತಾರೆ. ಹೆಸರು ಕೇಳಿದೊಡನೆ ಹೊಳೆದ ಮೂರು ಪದ ಬರೆಯಿರಿ ಅನ್ನಿ. ಮೊದಲು ಸರಕು ಯಾವುದು ಅಂತ ಹೇಳದೆ ಕೇಳಿ, ಆಮೇಲೆ ಕಾಫಿ ಅಂತ ಹೇಳಿ ಮತ್ತೆ ಕೇಳಿ. ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಅನಿಸುವ ಪ್ರಶ್ನೆ ಇದು: 'ಸ್ಕೂಲಿನಲ್ಲಿ ಒಬ್ಬ ತುಂಟ ಹುಡುಗ ಈ ಹೆಸರಿಟ್ಟುಕೊಂಡು ಗೇಲಿ ಮಾಡಬೇಕು ಅಂದರೆ ಹೇಗೆ ಮಾಡುತ್ತಾನೆ?' ಕೆಟ್ಟ ಪದ ಹೇಳುವ ಹೊಣೆ ಆ ಹುಡುಗನ ಮೇಲೆ ಹೋಗುತ್ತದೆ, ಮರ್ಯಾದಸ್ಥರೂ ಬಾಯಿ ಬಿಡುತ್ತಾರೆ. ಜಪಾನಿನವರು 'ಶಿರಿ' ವಿಷಯ ಹೇಳುವುದಾದರೆ ಇಲ್ಲೇ ಹೇಳುತ್ತಾರೆ.

ಈಗ ಬಂದ ಉತ್ತರಗಳನ್ನು ಓದುವುದು ಹೇಗೆ? ಎಷ್ಟು ಜನ ಸರಿಯಾಗಿ ಹೇಳಿದರು ಅಂತ ಎಣಿಸುವುದು ಸಹಜ. ಆದರೆ ಅದು ದಾರಿ ತಪ್ಪಿಸುತ್ತದೆ. ನೋಡಬೇಕಾದದ್ದು, ಎಲ್ಲರೂ ಒಂದೇ ಥರ ತಪ್ಪು ಹೇಳುತ್ತಾರಾ ಅಂತ. ಹುಂಡೈ ಹೆಸರನ್ನು ಅಮೆರಿಕದವರು 'ಹನ್‌ಡೇ' ಅನ್ನುತ್ತಾರೆ, ಬ್ರಿಟನ್ನಿನವರು ಬಹಳ ಕಾಲ 'ಹೈಉನ್‌ಡೈ' ಅಂದರು. ಎರಡೂ ಕೊರಿಯನ್ ಉಚ್ಚಾರಕ್ಕೆ ದೂರ, ಕಾರು ಎರಡೂ ಕಡೆ ಮಾರಾಟವಾಯಿತು. ಒಂದು ದೇಶದೊಳಗೆ ಜನ ಒಬ್ಬರಿಗೊಬ್ಬರು ಆ ಹೆಸರು ಹೇಳಿ ಅರ್ಥ ಮಾಡಿಸಿಕೊಳ್ಳಬಹುದಿತ್ತು, ಅಷ್ಟು ಸಾಕಾಯಿತು. ಆರು ಜನ ಆರು ಥರ ಹೇಳಿದರೆ ಅದು ಬೇರೆ ಮಾತು. ಆಗ ಬಾಯಿಂದ ಬಾಯಿಗೆ ಹೆಸರು ಹರಡುವುದೇ ಇಲ್ಲ. ಎಲ್ಲರೂ ಒಂದೇ ತಪ್ಪು ಮಾಡಿ, ಆ ತಪ್ಪು ರೂಪಕ್ಕೆ ಕೆಟ್ಟ ಅರ್ಥವಿಲ್ಲದೆ, ಅದನ್ನು ಟೈಪ್ ಮಾಡಿದರೆ ನೀವು ಸಿಗುವ ಹಾಗಿದ್ದರೆ, ಹೆಸರು ಪಾಸು. ಕಿವಿ ಪರೀಕ್ಷೆಯಲ್ಲಿ ಜನ ಬರೆದ ತಪ್ಪು ಸ್ಪೆಲ್ಲಿಂಗ್‌ಗಳ ಪಟ್ಟಿ ಇಟ್ಟುಕೊಳ್ಳಿ. ವೆಬ್‌ಸೈಟಿನ ವಿಳಾಸ ಕೊಳ್ಳುವಾಗ ಅದರಲ್ಲಿ ಮತ್ತೆ ಮತ್ತೆ ಬಂದದ್ದನ್ನೂ ಕೊಂಡು, ನಿಮ್ಮ ಪುಟಕ್ಕೇ ತಿರುಗಿಸಿ.

ಮಲೆಸಿರಿಯ ಬದಲು ಏನು?

ಜಪಾನಿನ ತೊಂದರೆ ಒಂದೇ ಆಗಿದ್ದರೆ ಮಲೆಸಿರಿಯನ್ನು ಬಿಡಬೇಕಾಗಿರಲಿಲ್ಲ. ಆಪಲ್ ಫೋನಿನ ಸಿರಿಯನ್ನು ಜಪಾನೀಯರು ಹಾಗೇ ಕರೆಯುತ್ತಾರೆ, ಒಂದಿಷ್ಟು ನಕ್ಕು ಸುಮ್ಮನಾದರು. ಆದರೆ ಆಪಲ್‌ಗೆ ಇರುವ ಪ್ರಚಾರದ ಬಲ ನಮ್ಮ ಬೆಳೆಗಾರರಿಗಿಲ್ಲ. ಇಟಲಿಯ ತೊಂದರೆಯಂತೂ ಹೆಸರಿನ ಮೊದಲಲ್ಲೇ ಇದೆ, ಅದೂ ತಿಂಡಿತೀರ್ಥದ ಸಾಲಿನಲ್ಲಿ. Malsiri ಅಂತ ಕಡಿಮೆ ಮಾಡಿದರೂ ಉಪಯೋಗವಿಲ್ಲ. ಸ್ಪ್ಯಾನಿಷ್, ಫ್ರೆಂಚ್ ಎರಡರಲ್ಲೂ mal ಕೆಟ್ಟದ್ದೇ. ಸ್ಪೆಲ್ಲಿಂಗ್ ತಿದ್ದಿದರೆ ಉಚ್ಚಾರ ಸರಿಹೋಗಬಹುದು, ಅರ್ಥ ಸರಿಹೋಗುವುದಿಲ್ಲ.

ಮುಂದಿನ ಹೆಸರು 'ಕಾನು'. ಮಲೆನಾಡಿನ ದಟ್ಟ ಕಾಡು. Kanu ಅಂತ ಬರೆದರೆ ನಾಲ್ಕೇ ಅಕ್ಷರ, ಎರಡೇ ಉಚ್ಚಾರ. ಇಟಾಲಿಯನ್, ಜರ್ಮನ್, ಜಪಾನಿ ಮೂವರ ನಾಲಿಗೆಗೂ ಸಲೀಸು. ಬಾಯಿಯ ಪರೀಕ್ಷೆಯಲ್ಲಿ ಇದು ಗೆಲ್ಲುತ್ತದೆ. ಆದರೆ ದಕ್ಷಿಣ ಕೊರಿಯಾದಲ್ಲಿ KANU ಅನ್ನುವುದು ಎಲ್ಲರಿಗೂ ಗೊತ್ತಿರುವ ಇನ್‌ಸ್ಟೆಂಟ್ ಕಾಫಿ! ಹೇಳಲು ಸುಲಭವಾದ ಹೆಸರಿಗೆ ಇರುವ ತೊಂದರೆಯೇ ಇದು, ಬೇರೆ ಯಾರಿಗೋ ಮೊದಲೇ ಹೊಳೆದಿರುತ್ತದೆ. ಟ್ರೇಡ್‌ಮಾರ್ಕ್ ನೋಡುವಾಗ ಬರಹ ಒಂದೇ ಇದೆಯಾ ಅಂತ ಮಾತ್ರ ಅಲ್ಲ, ಉಚ್ಚಾರ ಹತ್ತಿರ ಇದೆಯಾ ಅಂತಲೂ ನೋಡುತ್ತಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ Global Brand Database ಅನ್ನುವ ಪುಟದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಕಾಫಿ, ಟೀ ಬರುವುದು 30ನೇ ವರ್ಗದಲ್ಲಿ. ಅಲ್ಲಿ ನಿಮ್ಮ ಸ್ಪೆಲ್ಲಿಂಗ್ ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಕಿವಿ ಪರೀಕ್ಷೆಯಲ್ಲಿ ಜನ ಬರೆದ ಸ್ಪೆಲ್ಲಿಂಗ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ.

ಮೂರನೆಯದು 'ಸೋನೆ', ಬಿಡದೆ ಹನಿಯುವ ಮಳೆ. Sone ಅಂತ ಬರೆದರೆ ಇಂಗ್ಲಿಷಿನವರು ಕೊನೆಯ e ನುಂಗಿ 'ಸೋನ್' ಅನ್ನುತ್ತಾರೆ. ಕೆಟ್ಟ ಅರ್ಥವೇನಿಲ್ಲ. ಕೊನೆಯ ಸ್ವರ ಉಳಿಯಲೇಬೇಕು ಅಂದರೆ Soné ಅಂತ ಮೇಲೊಂದು ಗೆರೆ ಹಾಕಬಹುದು. ಜರ್ಮನ್ನರ ಬಾಯಲ್ಲಿ ಅವರ ಸೂರ್ಯನಿಗೆ, ಅಂದರೆ Sonneಗೆ, ಹತ್ತಿರ ಬರುತ್ತದೆ. ಜಪಾನಿನಲ್ಲಿ 'ಸೊನೆ' ಒಂದು ಮನೆತನದ ಹೆಸರು, ಅದೂ ನಿರಪಾಯ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಭಾರತದ ಕಾಫಿ ರಷ್ಯಾಕ್ಕೂ ಹೋಗುತ್ತದೆ. ರಷ್ಯನ್ ಭಾಷೆಯಲ್ಲಿ 'ಸೋನ್' ಅಂದರೆ ನಿದ್ದೆ. 'ಸೋನ್ಯ' ಅಂದರೆ ನಿದ್ದೆಬುರುಕ. ಬೈಗುಳವಲ್ಲ, ಅಸಹ್ಯವಲ್ಲ, ಆದರೆ ಕಾಫಿಗೆ ನೇರ ವಿರುದ್ಧ. ಇದೇ ಹೆಸರು ಹಾಸಿಗೆಗೋ ರಾತ್ರಿ ಕುಡಿಯುವ ಕಷಾಯಕ್ಕೋ ಇದ್ದಿದ್ದರೆ ಹಬ್ಬ. ಸರಕು ಹೇಳದೆ ಒಮ್ಮೆ, ಹೇಳಿ ಒಮ್ಮೆ ಕೇಳಬೇಕು ಅಂದಿದ್ದು ಇಂಥದ್ದನ್ನು ಹಿಡಿಯುವುದಕ್ಕೇ.

ಹಾಗಾದರೆ ಸೋನೆಯನ್ನೂ ಬಿಡಬೇಕಾ? ನನ್ನ ಪ್ರಕಾರ ಬೇಡ. ಮೊದಲ ವರ್ಷ ಸರಕು ಹೋಗುವುದು ಇಟಲಿ, ಜರ್ಮನಿ, ಜಪಾನಿಗೆ ಅಂತಾದರೆ ಅಲ್ಲಿ ಅದು ನಿಲ್ಲುತ್ತದೆ. ಪ್ರಪಂಚದ ಎಲ್ಲ ಭಾಷೆಗೂ ಒಪ್ಪುವ ಹೆಸರು ಹುಡುಕಲು ಹೊರಟರೆ ಕೊನೆಗೆ ಉಳಿಯುವುದು ಯಾವ ಭಾಷೆಗೂ ಸೇರದ, ಯಾರಿಗೂ ಏನೂ ಅನಿಸದ ನಾಲ್ಕು ಅಕ್ಷರ. ರಷ್ಯಾಕ್ಕೆ ಹೋಗುವ ದಿನ ಬಂದರೆ ಕ್ಯಾಲ್ಪಿಸ್‌ನವರ ಹಾಗೆ ಅಲ್ಲಿಗೊಂದು ಬೇರೆ ಹೆಸರು ಇಡಬಹುದು. ಆರೆಂಟು ಜನರ ಪರೀಕ್ಷೆ ಎದ್ದು ಕಾಣುವ ತಪ್ಪನ್ನು ಹಿಡಿಯುತ್ತದೆಯೇ ಹೊರತು ಎಷ್ಟು ಪ್ಯಾಕೆಟ್ ಮಾರಾಟವಾಗುತ್ತದೆ ಅಂತ ಹೇಳುವುದಿಲ್ಲ. ನಾಳೆ ಏನಾಗುತ್ತದೆ ಅಂತಲೂ ಅದಕ್ಕೆ ಗೊತ್ತಿರುವುದಿಲ್ಲ. ಟಾಟಾದವರು ಒಂದು ಕಾರಿಗೆ ಝಿಕಾ ಅಂತ ಹೆಸರಿಟ್ಟು ಪ್ರಚಾರವನ್ನೂ ಶುರು ಮಾಡಿದ್ದರು. ಅಷ್ಟರಲ್ಲಿ ಅದೇ ಉಚ್ಚಾರದ ವೈರಸ್ ದೊಡ್ಡ ಸುದ್ದಿಯಾಯಿತು. 2016ರಲ್ಲಿ ಅದನ್ನು ಟಿಯಾಗೊ ಅಂತ ಬದಲಿಸಿದರು.

ಕೊನೆಯದಾಗಿ ಲಿಪಿಯ ವಿಷಯ. ಇದನ್ನು ಬಹಳ ರಫ್ತುದಾರರು ಆಮದುದಾರರ ಕೈಗೆ ಬಿಟ್ಟುಬಿಡುತ್ತಾರೆ. ಜಪಾನಿನಲ್ಲಿ ಪ್ಯಾಕೆಟ್ ಮೇಲೆ ಅವರ ಭಾಷೆಯ ಲೇಬಲ್ ಬೇಕೇ ಬೇಕು. ಹೆಸರನ್ನೂ ಅವರ ಲಿಪಿಯಲ್ಲಿ ಬರೆಯುವುದು ವಾಡಿಕೆ, ಆ ಲಿಪಿಯಲ್ಲಿ 'ಸೊನೆ'ಯೂ ಬರೆಯಬಹುದು, 'ಸೋನೆ'ಯೂ ಬರೆಯಬಹುದು. ನೀವು ಹೇಳದಿದ್ದರೆ ಆಮದುದಾರರು ತಮಗೆ ತೋಚಿದ್ದು ಬರೆಯುತ್ತಾರೆ, ಗಿರಾಕಿ ಅದನ್ನೇ ಹೇಳುತ್ತಾನೆ. ಚೀನಾದಲ್ಲಿ ಇದು ಇನ್ನೂ ಗಂಭೀರ, ಅಲ್ಲಿ ಸಾಮಾನ್ಯವಾಗಿ ಮೊದಲು ಅರ್ಜಿ ಹಾಕಿದವರಿಗೇ ಹೆಸರು. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಅವರನ್ನು ಚೀನೀಯರು 'ಚಿಯಾವ್‌ದಾನ್' ಅನ್ನುತ್ತಾರೆ. ಅಲ್ಲಿನ ಕ್ರೀಡಾ ಸಾಮಗ್ರಿ ಕಂಪನಿಯೊಂದು ಆ ರೂಪವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತ್ತು. ಜೋರ್ಡಾನ್ ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ, 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಚೀನೀ ಲಿಪಿಯ ಆ ಹೆಸರಿನ ಮಟ್ಟಿಗೆ ಅವರ ಪರವಾಗಿ ತೀರ್ಪು ಕೊಟ್ಟಿತು. ಹಾಗಾಗಿ ಆಮದುದಾರರ ಜೊತೆಗಿನ ಕರಾರಿನಲ್ಲಿ ಎರಡು ಸಾಲು ಇರಲೇಬೇಕು. ಅವರ ಲಿಪಿಯಲ್ಲಿ ಹೆಸರು ಹೇಗೆ ಬರೆಯಬೇಕು ಅನ್ನುವುದು ಒಂದು. ಆ ರೂಪದ ಟ್ರೇಡ್‌ಮಾರ್ಕ್ ಅರ್ಜಿ ನಿಮ್ಮ ಹೆಸರಿನಲ್ಲೇ ಹೋಗಬೇಕು, ಅವರ ಹೆಸರಿನಲ್ಲಲ್ಲ ಅನ್ನುವುದು ಇನ್ನೊಂದು. ಭಾರತ 2013ರಲ್ಲಿ ಟ್ರೇಡ್‌ಮಾರ್ಕ್‌ಗೆ ಸಂಬಂಧಿಸಿದ ಮ್ಯಾಡ್ರಿಡ್ ಪ್ರೋಟೊಕಾಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಸೇರಿದ ಮೇಲೆ, ಇಲ್ಲಿ ಹಾಕಿದ ಅರ್ಜಿಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿಂದಲೇ ಹಲವು ದೇಶಗಳಿಗೆ ಒಟ್ಟಿಗೆ ಅರ್ಜಿ ಹಾಕಬಹುದು. ಆದರೆ ಇಲ್ಲಿ ಯಾವ ರೂಪಕ್ಕೆ ಅರ್ಜಿ ಹಾಕಿದ್ದೀರೋ ಅದೇ ರೂಪ ಅಲ್ಲಿಗೂ ಹೋಗುತ್ತದೆ. ಜಪಾನಿ ಲಿಪಿಯ 'ಸೋನೆ' ಬೇಕಿದ್ದರೆ ಅದಕ್ಕೂ ಒಂದು ಅರ್ಜಿಯನ್ನು ಇಲ್ಲೇ ಮೊದಲು ಹಾಕಬೇಕು, ಇಲ್ಲದಿದ್ದರೆ ನೇರವಾಗಿ ಜಪಾನಿನಲ್ಲಿ.